ವಾರ್ಷಿಕೋತ್ಸವ, ಆರತಕ್ಷತೆಯ ನಿರೂಪಣೆ: ಮೈಕ್ ಹಿಡಿಯುವ ಮುಂಚಿನ ಲೆಕ್ಕ

ಪ್ರಶ್ನೆ: ನನಗೆ 29 ವರ್ಷ. ಶಿವಮೊಗ್ಗದ ಹತ್ತಿರ ಒಂದು ಸೊಸೈಟಿಯಲ್ಲಿ ಗುಮಾಸ್ತ. ಸ್ಟೇಜ್ ಭಯ ಇಲ್ಲ, ಧ್ವನಿ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ, ಸ್ವಲ್ಪ ಮಿಮಿಕ್ರಿಯೂ ಬರುತ್ತೆ. ಇಷ್ಟು ದಿನ ಗಣಪತಿ ಪೆಂಡಾಲ್‌ನಲ್ಲಿ ಸುಮ್ಮನೆ ಮಾಡ್ತಿದ್ದೆ. ಈಗ ಒಂದು ಶಾಲೆಯ ವಾರ್ಷಿಕೋತ್ಸವಕ್ಕೂ ಪರಿಚಯದವರ ಮಗಳ ಆರತಕ್ಷತೆಗೂ ದುಡ್ಡು ಕೊಟ್ಟು ಕರೆದಿದ್ದಾರೆ. ಏನೇನು ತಯಾರಿ ಮಾಡ್ಕೋಬೇಕು? ಮಿಮಿಕ್ರಿ ಎಲ್ಲಿ, ಎಷ್ಟು ಹೊತ್ತು ಇಡಬೇಕು? ದುಡ್ಡು ಎಷ್ಟು ಕೇಳಬೇಕು?

ಉತ್ತರ: ಎರಡರಲ್ಲಿ ಕಷ್ಟದ್ದು ಶಾಲೆಯದು. ಆರತಕ್ಷತೆಯಲ್ಲಿ ನಿರೂಪಕ ಹತ್ತು ನಿಮಿಷ ಸುಮ್ಮನಿದ್ದರೂ ಹಾಡು ಕೇಳುತ್ತಿರುತ್ತದೆ, ಜನ ಸಾಲಿನಲ್ಲಿ ನಿಂತಿರುತ್ತಾರೆ, ಊಟ ನಡೆಯುತ್ತಿರುತ್ತದೆ. ವಾರ್ಷಿಕೋತ್ಸವದಲ್ಲಿ ಹತ್ತು ನಿಮಿಷ ಖಾಲಿ ಬಿದ್ದರೆ ಅಪ್ಪ ಅಮ್ಮಂದಿರು ಎದ್ದು ವೇದಿಕೆಯ ಹಿಂದೆ ನುಗ್ಗುತ್ತಾರೆ, ಆಮೇಲೆ ಯಾರ ಧ್ವನಿಗೂ ಅದು ಹತೋಟಿಗೆ ಬರುವುದಿಲ್ಲ. ಹಾಗಾಗಿ ಶಾಲೆಯದನ್ನೇ ಬಿಡಿಸಿ ಹೇಳುತ್ತೇನೆ. ಅದನ್ನು ನಿಭಾಯಿಸಿದವರಿಗೆ ಆರತಕ್ಷತೆ ಭಾರವಾಗುವುದಿಲ್ಲ.

ಮೊದಲ ಕೆಲಸ ಮಾತು ಬರೆಯುವುದಲ್ಲ, ಹೊತ್ತು ಕೂಡಿಸುವುದು. ಕಾರ್ಯಕ್ರಮಕ್ಕೆ ಕನಿಷ್ಠ ನಾಲ್ಕು ದಿನ ಮೊದಲು ಶಾಲೆಗೆ ಹೋಗಿ ಆಹ್ವಾನ ಪತ್ರಿಕೆ, ನೃತ್ಯಗಳ ಪಟ್ಟಿ, ಬಹುಮಾನದ ಪಟ್ಟಿ ಮೂರನ್ನೂ ಕೈಗೆ ತೆಗೆದುಕೊಳ್ಳಿ. ಒಂದು ಸಾಧಾರಣ ಶಾಲೆಯ ಸಂಜೆಯನ್ನು ಲೆಕ್ಕ ಹಾಕೋಣ. ಪತ್ರಿಕೆಯಲ್ಲಿ ಸಂಜೆ 5ಕ್ಕೆ ಶುರು, 8ಕ್ಕೆ ಮುಗಿಯಬೇಕು. ಪ್ರಾರ್ಥನೆ, ನಾಡಗೀತೆ, ಸ್ವಾಗತ, ದೀಪ ಬೆಳಗುವುದು, ವರದಿ ವಾಚನ, ಮುಖ್ಯ ಅತಿಥಿಗಳ ಮಾತು, ಸನ್ಮಾನ, ಅಧ್ಯಕ್ಷರ ಭಾಷಣ ಎಲ್ಲ ಸೇರಿ ಸಭಾ ಕಾರ್ಯಕ್ರಮಕ್ಕೆ 60 ನಿಮಿಷ. ಇದರಲ್ಲಿ ಅಳತೆ ಖಚಿತವಾಗಿರುವುದು ನಾಡಗೀತೆಗೆ ಮಾತ್ರ. ಅದು 2 ನಿಮಿಷ 30 ಸೆಕೆಂಡ್ ಎಂದು ಸರ್ಕಾರವೇ ನಿಗದಿ ಮಾಡಿದೆ. ಉಳಿದದ್ದೆಲ್ಲ ಹಿಗ್ಗುತ್ತದೆ. 48 ಬಹುಮಾನ, ಒಂದಕ್ಕೆ ಅರ್ಧ ನಿಮಿಷದಂತೆ 24 ನಿಮಿಷ. 14 ನೃತ್ಯ, ಒಂದೊಂದು 4 ನಿಮಿಷ, ಅಂದರೆ 56. ಒಂದು ಕಿರುನಾಟಕ 15. ವಂದನಾರ್ಪಣೆ, ರಾಷ್ಟ್ರಗೀತೆ 5. ಇಷ್ಟನ್ನು ಕೂಡಿಸಿ ಬಹಳ ಜನ ನಿಲ್ಲಿಸಿಬಿಡುತ್ತಾರೆ: 160 ನಿಮಿಷ, ಮೂರು ಗಂಟೆಯೊಳಗೆ ಮುಗಿಯುತ್ತದಲ್ಲ ಎಂದು. ಆದರೆ ಒಂದು ನೃತ್ಯ ಇಳಿದು ಇನ್ನೊಂದು ಹತ್ತುವ ನಡುವೆ ಒಂದೂವರೆ ನಿಮಿಷ ಹೋಗುತ್ತದೆ. 14 ಸಲ ಅಂದರೆ 21 ನಿಮಿಷ. ಮೊತ್ತ 181. ಐದಕ್ಕೆ ಸರಿಯಾಗಿ ದೀಪ ಹಚ್ಚಿದರೂ ಎಂಟು ದಾಟುತ್ತದೆ, ಐದಕ್ಕೆ ಸರಿಯಾಗಿ ಹಚ್ಚುವ ಶಾಲೆ ಅಪರೂಪ. ಐದೂವರೆಗೆ ಶುರುವಾದರೆ ಎಂಟೂವರೆ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮುಖ್ಯೋಪಾಧ್ಯಾಯರಿಗೆ ಮೊದಲೇ ತೋರಿಸಿ. ಯಾವುದನ್ನು ಬಿಡಬೇಕೆಂದು ನೀವು ಹೇಳಬೇಡಿ, ಅದು ಅವರ ಶಾಲೆ. ಹೊತ್ತು ಉಳಿಯುವ ಎರಡು ಜಾಗ ಮಾತ್ರ ತೋರಿಸಿ.

ಒಂದು, ಬಹುಮಾನ ವಿತರಣೆ. ಒಬ್ಬೊಬ್ಬರ ಹೆಸರು ಕರೆದು, ಮಗು ಸಭೆಯ ಹಿಂದಿನಿಂದ ಎದ್ದು ಬಂದು, ಮೆಟ್ಟಿಲು ಹತ್ತಿ, ಫೋಟೋ ತೆಗೆಸಿಕೊಂಡು ಇಳಿಯುವುದರಲ್ಲೇ ಅರ್ಧ ನಿಮಿಷ ಹೋಗುವುದು. ತರಗತಿವಾರು ಆರಾರು ಮಕ್ಕಳನ್ನು ಮೊದಲೇ ಎಡ ಮೆಟ್ಟಿಲ ಬಳಿ ಸಾಲಾಗಿ ನಿಲ್ಲಿಸಿ. ಆರೂ ಹೆಸರನ್ನು ಒಟ್ಟಿಗೆ ಓದಿ, ಅತಿಥಿಗಳು ಸಾಲಾಗಿ ಕೊಡಲಿ, ಆರು ಜನಕ್ಕೂ ಸೇರಿ ಒಂದು ಫೋಟೋ, ಬಲ ಮೆಟ್ಟಿಲಿನಿಂದ ಇಳಿಯಲಿ. ಎಂಟು ತಂಡ, ತಂಡಕ್ಕೆ ಒಂದೂವರೆ ನಿಮಿಷ, ಒಟ್ಟು 12. ಅರ್ಧ ಹೊತ್ತು ಉಳಿಯಿತು. ಬಹುಮಾನಗಳು ಮೇಜಿನ ಮೇಲೆ ಹೆಸರು ಓದುವ ಕ್ರಮದಲ್ಲೇ ಜೋಡಿಸಿರಬೇಕು. ಒಬ್ಬ ಶಿಕ್ಷಕರು ಎತ್ತಿಕೊಡಲು, ಇನ್ನೊಬ್ಬರು ಸಾಲು ನೋಡಿಕೊಳ್ಳಲು. ಕ್ರಮ ತಪ್ಪಿ ಒಂದು ಮಗುವಿನ ಕಪ್ ಇನ್ನೊಂದರ ಕೈಗೆ ಹೋದರೆ ವೇದಿಕೆಯ ಮೇಲೇ ಸರಿಪಡಿಸಲು ಹೋಗಬೇಡಿ. ಸಾಲು ಸಾಗಲಿ, ಕೆಳಗೆ ಬದಲಾಯಿಸಿಕೊಳ್ಳಬಹುದು.

ಎರಡು, ನೃತ್ಯಗಳ ನಡುವಿನ ಖಾಲಿ. ಒಂದು ತಂಡ ವೇದಿಕೆಯ ಮೇಲಿದ್ದಾಗ ಮುಂದಿನದು ಪರದೆಯ ಪಕ್ಕದಲ್ಲಿ ನಿಂತಿರಬೇಕು, ಅದರ ಮುಂದಿನದು ಬಣ್ಣ ಹಚ್ಚಿಕೊಂಡು ಕೋಣೆಯಲ್ಲಿ ಸಿದ್ಧವಿರಬೇಕು. ಇಷ್ಟು ಪಾಲಿಸಿದರೆ ಒಂದೂವರೆ ನಿಮಿಷ ಮುಕ್ಕಾಲು ನಿಮಿಷಕ್ಕೆ ಇಳಿಯುತ್ತದೆ. ಪಾಲಿಸಲಾಗದ್ದಕ್ಕೆ ಸಾಮಾನ್ಯ ಕಾರಣ ಒಂದೇ: ಒಂದೇ ಮಗು ಎರಡು ನೃತ್ಯದಲ್ಲಿರುವುದು. ಪಟ್ಟಿ ಹಿಡಿದು ಹತ್ತಿರ ಹತ್ತಿರ ಬರುವ ನೃತ್ಯಗಳಲ್ಲಿ, ಉದಾಹರಣೆಗೆ ಆರನೆಯ ಮತ್ತು ಏಳನೆಯದರಲ್ಲಿ, ಯಾರ ಹೆಸರು ಎರಡು ಸಲ ಬಂದಿದೆ ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಒಂದು ಮಗುವಿನ ವೇಷ ಬಿಚ್ಚಿ ಇನ್ನೊಂದು ತೊಡಿಸಿ ಜಡೆ ಕಟ್ಟಲು ಎಂಟು ಹತ್ತು ನಿಮಿಷ ಬೇಕು, ಅಂದರೆ ನಡುವೆ ಎರಡು ನೃತ್ಯ ಬರಲೇಬೇಕು. ಈ ಒಂದು ಕ್ರಮ ಬದಲಾವಣೆ ನಿಮ್ಮ ಎಲ್ಲ ಹಾಸ್ಯಕ್ಕಿಂತ ಹೆಚ್ಚು ಉಪಕಾರಿ. ಎಲ್‌ಕೆಜಿ, ಯುಕೆಜಿ ಮಕ್ಕಳದು ಮೊದಲೇ ಮುಗಿದುಬಿಡಲಿ. ಎಂಟು ಗಂಟೆಗೆ ಅವರು ನಿದ್ದೆಯಲ್ಲಿರುತ್ತಾರೆ, ಇಲ್ಲವೇ ಅಳುತ್ತಿರುತ್ತಾರೆ.

ಇನ್ನು ಮಾತು. ಅಂಗೈಯಗಲದ ದಪ್ಪ ಕಾರ್ಡುಗಳಲ್ಲಿ ಬರೆದುಕೊಳ್ಳಿ, ಒಂದು ಕಾರ್ಡಿಗೆ ಒಂದೇ ಅಂಶ, ಮೂಲೆಯಲ್ಲಿ ದೊಡ್ಡದಾಗಿ ಸಂಖ್ಯೆ, ತೂತು ಮಾಡಿ ಒಂದು ಉಂಗುರ. ಮೊಬೈಲ್ ನೋಡಿ ಓದುವುದು ಬೇಡ. ಅದು ಲಾಕ್ ಆಗುತ್ತದೆ, ಕರೆ ಬರುತ್ತದೆ, ಕ್ರಮ ಬದಲಾದಾಗ ಬೆರಳಾಡಿಸಿ ಹುಡುಕುತ್ತಾ ನಿಲ್ಲಬೇಕಾಗುತ್ತದೆ. ಕಾರ್ಡಾದರೆ ಎಂಟನೆಯದನ್ನು ಕಿತ್ತು ಐದನೆಯದರ ಮುಂದೆ ಸಿಕ್ಕಿಸಿದರೆ ಆಯಿತು. ತೆಳ್ಳನೆಯ ಹಾಳೆಯೂ ಬೇಡ, ಬಯಲು ವೇದಿಕೆಯಲ್ಲಿ ಗಾಳಿಗೆ ಪಟಪಟ ಬಡಿಯುವ ಸದ್ದನ್ನು ಮೈಕ್ ಚೆನ್ನಾಗಿ ಹಿಡಿಯುತ್ತದೆ.

ಪರಿಚಯದ ವಾಕ್ಯದಲ್ಲಿ ಕರೆಯುವ ಹೆಸರು ಕೊನೆಗೆ ಬರಲಿ. "ಈಗ ಮೂರನೇ ತರಗತಿ ಬಿ ವಿಭಾಗದ ಮಕ್ಕಳಿಂದ ಒಂದು ಸುಗ್ಗಿ ಕುಣಿತ, ಇದನ್ನು ಕಲಿಸಿದವರು..." ಎಂದು ಶುರು ಮಾಡಿದರೆ "ಮೂರನೇ ತರಗತಿ ಬಿ" ಕಿವಿಗೆ ಬಿದ್ದ ಕೂಡಲೇ ಆ ಮಕ್ಕಳ ಮನೆಯವರು ಕೂಗುತ್ತಾರೆ, ಕಲಿಸಿದ ಟೀಚರ್ ಹೆಸರು ಯಾರಿಗೂ ಕೇಳುವುದಿಲ್ಲ. ತಿರುಗಿಸಿ ಹೇಳಿ: "ಮಲೆನಾಡಿನ ಸುಗ್ಗಿ ಕುಣಿತ. ಕಲಿಸಿದವರು ಇಂಥ ಟೀಚರ್. ಕುಣಿಯುವವರು, ಮೂರನೇ ತರಗತಿ, ಬಿ ವಿಭಾಗ!" ಚಪ್ಪಾಳೆ ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ. ಸೌಂಡ್‌ನವರಿಗೂ ನಿಮ್ಮ ಕೊನೆಯ ಪದವೇ ಹಾಡು ಹಾಕುವ ಸೂಚನೆ. ಇದನ್ನು ಅವರಿಗೆ ಮೊದಲೇ ಹೇಳಿಟ್ಟಿರಿ. ಹಾಡುಗಳನ್ನು ಒಂದೇ ಪೆನ್‌ಡ್ರೈವ್‌ನಲ್ಲಿ `07_3B_Suggi.mp3` ಎಂಬಂತೆ ಮೊದಲು ಕ್ರಮಸಂಖ್ಯೆ ಬರುವ ಹೆಸರಿನಲ್ಲಿ ಹಾಕಿಸಿ. ಒಂದಂಕಿಗೆ ಮುಂದೆ ಸೊನ್ನೆ ಇರಲೇಬೇಕು, ಇಲ್ಲದಿದ್ದರೆ ಕೆಲವು ಪ್ಲೇಯರ್‌ಗಳಲ್ಲಿ 1 ಆದ ಮೇಲೆ 10 ಬಂದು ಕೂರುತ್ತದೆ. ಟೀಚರ್‌ಗಳ ಮೊಬೈಲ್‌ನಿಂದ ಒಂದೊಂದಾಗಿ ಹಾಡು ಹಾಕುವ ಏರ್ಪಾಡಿಗೆ ಮಾತ್ರ ಒಪ್ಪಬೇಡಿ.

"ಜೋರಾದ ಚಪ್ಪಾಳೆ" ಕೇಳುವುದನ್ನು ಇಡೀ ಸಂಜೆಗೆ ಎರಡೇ ಸಲಕ್ಕೆ ಮಿತಿಗೊಳಿಸಿ. ಹದಿನಾಲ್ಕು ನೃತ್ಯಕ್ಕೂ ಕೇಳಿದರೆ ಐದನೆಯದರಿಂದ ಯಾರೂ ಕೈ ಎತ್ತುವುದಿಲ್ಲ. ಕವನದ ಸಾಲು, ವಚನ, ಕಗ್ಗ ಒಂದೆರಡು ಸಾಕು. ಕೆಲವು ನಿರೂಪಕರು ಪ್ರತಿ ಅತಿಥಿಗೂ ಒಂದೊಂದು ಪದ್ಯ ಕಟ್ಟಿಕೊಂಡು ಬರುತ್ತಾರೆ. ಅದು ಅತಿಥಿಗಿಂತ ಹೆಚ್ಚಾಗಿ ನಿರೂಪಕನ ಸನ್ಮಾನದಂತೆ ಕಾಣುತ್ತದೆ.

ಉಚ್ಚಾರದಲ್ಲಿ ಗಮನಿಸಬೇಕಾದ್ದು ವಾಕ್ಯದ ತುದಿ. ಕನ್ನಡದಲ್ಲಿ ತಾತ್ಪರ್ಯ ಕೂತಿರುವುದೇ ಅಲ್ಲಿ: ಬಂದಿದ್ದಾರೆಯೋ ಬರಲಿದ್ದಾರೆಯೋ, ಇದೆಯೋ ಇಲ್ಲವೋ. ಒಳ್ಳೆಯ ಧ್ವನಿಯವರು ಕೂಡ ವಾಕ್ಯ ಶುರು ಮಾಡುವಾಗ ಗಟ್ಟಿಯಾಗಿ ಎತ್ತಿ, ಮುಗಿಸುವಾಗ ಉಸಿರು ಸಾಲದೆ ನುಂಗಿಬಿಡುತ್ತಾರೆ. "ಊಟದ ವ್ಯವಸ್ಥೆ ಹಿಂದಿನ ಕಟ್ಟಡದಲ್ಲಿ..." ಎಂದಷ್ಟೇ ಕೇಳಿ ಜನ ಎದ್ದು ಹೋಗುತ್ತಾರೆ, ನೀವು ಹೇಳಿದ್ದು "ಎಂಟು ಗಂಟೆಯ ನಂತರ" ಎಂದಾಗಿರುತ್ತದೆ. ನಮ್ಮ ಮೆಟ್ರೋದ ಕನ್ನಡ ಪ್ರಕಟಣೆಗಳಲ್ಲಿ ಅಪರ್ಣಾ ಅವರ ಧ್ವನಿಯನ್ನು ಒಮ್ಮೆ ಇದಕ್ಕೆಂದೇ ಕಿವಿಗೊಟ್ಟು ಕೇಳಿ. ಪ್ರತಿ ಪದದ ಕೊನೆಯ ಅಕ್ಷರವೂ ಪೂರ್ತಿ ಕೇಳುತ್ತದೆ, ಎಲ್ಲೂ ಅವಸರವಿಲ್ಲ. ನಿಮ್ಮ ಕಾರ್ಡುಗಳನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ, ಪ್ರತಿ ವಾಕ್ಯದ ಕೊನೆಯ ಎರಡು ಪದ ಮಾತ್ರ ಕೇಳುತ್ತಾ ಹೋಗಿ. ಎಲ್ಲಿ ಮಂಕಾಗಿದೆಯೋ ಆ ವಾಕ್ಯ ಉದ್ದವಾಯಿತು ಎಂದು ಅರ್ಥ, ಎರಡಾಗಿ ಕತ್ತರಿಸಿ. ಹಕಾರ ಅಕಾರ, ಶಕಾರ ಸಕಾರ ಅದಲು ಬದಲಾಗುವ ಅಭ್ಯಾಸವಿದ್ದರೆ ಬೇರೆಲ್ಲ ಕಡೆ ಜನ ಮನ್ನಿಸಿಯಾರು, ಹೆಸರುಗಳಲ್ಲಿ ಮನ್ನಿಸುವುದಿಲ್ಲ. ಗಣ್ಯರ ಹೆಸರು, ಪದವಿ, ಹುದ್ದೆ, ಯಾವುದು ಮೊದಲು ಎಂಬುದನ್ನು ಪತ್ರಿಕೆ ನೋಡಿ ಬರೆದು, ಮುಖ್ಯೋಪಾಧ್ಯಾಯರ ಮುಂದೆ ಜೋರಾಗಿ ಓದಿ ತಿದ್ದಿಸಿಕೊಳ್ಳಿ. ಪತ್ರಿಕೆಯಲ್ಲಿಲ್ಲದ ಒಬ್ಬರು ಆ ಸಂಜೆ ಬಂದು ಕೂತರೆ ಅವರನ್ನು ಎಲ್ಲಿ ಸೇರಿಸಬೇಕೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಊಹಿಸಿ ಹೇಳಬೇಡಿ. ಸ್ವಾಗತ ಭಾಷಣಕ್ಕೆ ಒಬ್ಬ ಶಿಕ್ಷಕರು ಇದ್ದೇ ಇರುತ್ತಾರೆ, ಅವರಿಗಿಂತ ಮೊದಲೇ ನೀವು ಎಲ್ಲರನ್ನೂ ಸ್ವಾಗತಿಸಿಬಿಟ್ಟರೆ ಅವರ ಕೈಯಲ್ಲಿ ಹೇಳಲು ಏನೂ ಉಳಿಯುವುದಿಲ್ಲ.

ಮುಖ್ಯ ಅತಿಥಿ ತಡವಾಗುವುದು ಹೆಚ್ಚುಕಡಿಮೆ ಖಚಿತ, ಅದಕ್ಕೂ ಮೊದಲೇ ಸಿದ್ಧರಿರಿ. ಐದಕ್ಕೆ ಬರಬೇಕಾದವರು "ಇನ್ನೊಂದು ಅರ್ಧ ಗಂಟೆ" ಎಂದು ಫೋನ್ ಮಾಡಿದರು ಎಂದಿಟ್ಟುಕೊಳ್ಳಿ. ಆಗ ಮೈಕ್‌ನಲ್ಲಿ ಜೋಕ್ ಹೇಳುತ್ತಾ ಅರ್ಧ ಗಂಟೆ ತುಂಬಿಸಲು ಹೊರಡಬೇಡಿ. ಸಂಜೆಯ ಸರಕೆಲ್ಲ ಅಲ್ಲೇ ಖರ್ಚಾಗುತ್ತದೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ನಾಲ್ಕು ನೃತ್ಯಗಳನ್ನು ಸಭೆಗಿಂತ ಮುಂದಕ್ಕೆ ತನ್ನಿ. ಈ ನಾಲ್ಕು ಯಾವುವು ಎಂದು ಹಿಂದಿನ ದಿನವೇ ಗೊತ್ತು ಮಾಡಿ, ಆ ಮಕ್ಕಳು ನಾಲ್ಕೂವರೆಗೇ ವೇಷ ತೊಟ್ಟು ಸಿದ್ಧರಿರುವಂತೆ ಟೀಚರ್‌ಗಳಿಗೆ ತಿಳಿಸಿರಬೇಕು. ಮೊದಲು ಹೇಳಿದ ಪುಟಾಣಿಗಳ ನೃತ್ಯಗಳಿಗೆ ಇದು ಒಳ್ಳೆಯ ಜಾಗ. "ಅತಿಥಿಗಳು ಇನ್ನೂ ಬಂದಿಲ್ಲ, ಅದಕ್ಕೆ" ಎನ್ನಬೇಡಿ. "ನಮ್ಮ ಪುಟಾಣಿಗಳಿಂದಲೇ ಶುರು ಮಾಡೋಣ" ಎಂದರೆ ಸಾಕು, ಸಭೆಗೆ ಅದು ಏರ್ಪಾಡಿನಂತೆಯೇ ಕಾಣುತ್ತದೆ. ನೃತ್ಯದ ನಡುವೆ ಕಾರು ಬಂದರೆ ಹಾಡು ನಿಲ್ಲಿಸಬಾರದು. ಅದು ಮುಗಿಯಲಿ, ಅವರು ಕೂರಲಿ, ಆಮೇಲೆ ಪ್ರಾರ್ಥನೆಗೆ ಹೋಗಿ.

ನೃತ್ಯಗಳ ನಡುವೆ ಪರದೆಯ ಹಿಂದಿನ ಟೀಚರ್ ಜೊತೆ ಎರಡೇ ಸನ್ನೆ ಇಟ್ಟುಕೊಳ್ಳಿ: ಹೆಬ್ಬೆರಳು ಎತ್ತಿದರೆ ಸಿದ್ಧ, ಅಂಗೈ ತೋರಿಸಿದರೆ ಇನ್ನೂ ಇಲ್ಲ. ಅಂಗೈ ಕಂಡಾಗ ಎಳೆಯಲು ಮೂರು ಅಳತೆಯ ಮಾತು ಕೈಯಲ್ಲಿರಲಿ. ಇಪ್ಪತ್ತು ಸೆಕೆಂಡಿನದು: ಈಗ ಮುಗಿದ ನೃತ್ಯದಲ್ಲಿ ಕಣ್ಣಿಗೆ ಬಿದ್ದ ಒಂದು ವಿಷಯ. ಒಂದು ನಿಮಿಷದ್ದು: ಸಭೆಗೆ ಒಂದು ಪ್ರಶ್ನೆ, ಎರಡು ಉತ್ತರ. ಮೂರು ನಿಮಿಷದ್ದು: ಮಿಮಿಕ್ರಿಯ ಒಂದು ತುಣುಕು. ಕರೆಂಟು ಹೋದಾಗ ಜನರೇಟರ್ ಹಿಡಿಯುವ ತನಕ ಉಪಯೋಗಕ್ಕೆ ಬರುವುದು ಈ ಮೂರನೆಯದೇ, ಹಾಗಾಗಿ ಮೈಕ್ ಇಲ್ಲದೆಯೂ ಮಾಡಲು ಬರುವಂಥ ಒಂದು ಸದ್ದು ಅದರಲ್ಲಿರಲಿ.

ಮೈಕ್ ವಿಷಯದಲ್ಲಿ ಹೊಸಬರ ತಪ್ಪುಗಳು ಕಡಿಮೆ, ಆದರೆ ಎಲ್ಲರೂ ಅವನ್ನೇ ಮಾಡುತ್ತಾರೆ. ಕೈಯಲ್ಲಿ ಹಿಡಿಯುವ ಮೈಕ್‌ಗಳು ಸಾಮಾನ್ಯವಾಗಿ ಎದುರಿನ ಸದ್ದನ್ನು ಹಿಡಿದು ಹಿಂದಿನದನ್ನು ಬಿಡುವಂಥವು. ಜಾಲರಿಯ ಗುಂಡನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಆ ಗುಣ ಹೋಗುತ್ತದೆ, ಸುತ್ತಲಿನದೆಲ್ಲ ಒಳಗೆ ಬರುತ್ತದೆ, "ಕೂಂಯ್" ಎಂದು ಸಿಳ್ಳು ಏಳುತ್ತದೆ. ಸಿಳ್ಳು ಎದ್ದಾಗ ಗಾಬರಿಯಲ್ಲಿ ಕೈ ಮುಚ್ಚುವುದು ಸಹಜ, ಆಗ ಅದು ಇನ್ನೂ ಹೆಚ್ಚುತ್ತದೆ. ಮಾಡಬೇಕಾದ್ದು ಸ್ಪೀಕರ್‌ನಿಂದ ದೂರ ಸರಿಯುವುದು. ಮೈಕ್ ಅನ್ನು ಕೆಳಗೆ ಇಳಿಬಿಡಬೇಡಿ, ನೆಲದ ಮೇಲೆ ನಿಮ್ಮ ಕಡೆ ಮುಖ ಮಾಡಿ ಮಾನಿಟರ್ ಸ್ಪೀಕರ್ ಇಟ್ಟಿದ್ದರೆ ನೇರ ಅದಕ್ಕೇ ತೋರಿಸಿದಂತಾಗುತ್ತದೆ. ಹಿಡಿತ ನಡುಭಾಗದಲ್ಲಿರಲಿ, ಬಹಳ ವೈರ್‌ಲೆಸ್ ಮೈಕ್‌ಗಳಲ್ಲಿ ಆಂಟೆನಾ ತಳದಲ್ಲಿರುತ್ತದೆ, ಅದನ್ನು ಮುಷ್ಟಿಯಲ್ಲಿ ಅದುಮಿದರೆ ಧ್ವನಿ ಕಡಿದು ಕಡಿದು ಬರುತ್ತದೆ. ತುಟಿಯಿಂದ ಮೂರು ನಾಲ್ಕು ಬೆರಳಿನ ದೂರ, ಸ್ವಲ್ಪ ಕೆಳಗಿನಿಂದ ಓರೆಯಾಗಿ. ತೀರಾ ಹತ್ತಿರ ತಂದರೆ ಧ್ವನಿ ಗುಂಗುಂ ಎಂದು ದಪ್ಪವಾಗುತ್ತದೆ, ಪ, ಫ, ಭ ಬಂದಾಗ ಗಾಳಿ ಬಡಿಯುತ್ತದೆ. ದಪ್ಪಗೆ ಕೇಳಿಸುವುದೇ ಗಾಂಭೀರ್ಯ ಎಂದುಕೊಂಡು ಇದನ್ನು ಇಷ್ಟಪಟ್ಟು ಮಾಡುವವರಿದ್ದಾರೆ, ಹಿಂದಿನ ಸಾಲಿಗೆ ಒಂದು ಪದವೂ ತಿಳಿಯುವುದಿಲ್ಲ.

ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲು ಹೋಗಿ "ಹಲೋ, ಮೈಕ್ ಟೆಸ್ಟಿಂಗ್" ಎನ್ನುವ ಬದಲು ನಿಮ್ಮ ಮೊದಲ ಕಾರ್ಡನ್ನೇ ನಿಜವಾದ ಎತ್ತರದಲ್ಲಿ ಓದಿ, ಗೆಳೆಯನೊಬ್ಬನನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿ. ಸೌಂಡ್‌ನವರಿಗೆ ಹೇಳಬೇಕಾದ್ದು ಎರಡು: ಎಕೋ ಪೂರ್ತಿ ತೆಗೆಯಿರಿ, ಬೇಸ್ ಇಳಿಸಿ. ಹಾಡುವವರಿಗೆಂದು ಇಟ್ಟ ಎಕೋ ಹಾಗೇ ಉಳಿದಿರುವುದೇ ಕಲ್ಯಾಣ ಮಂಟಪಗಳಲ್ಲಿ ಮಾತು ಕಲಸಿಹೋಗಲು ಮುಖ್ಯ ಕಾರಣ. ನುಣುಪು ನೆಲ, ಗೋಡೆಗಳ ಪ್ರತಿಧ್ವನಿ ಅದಕ್ಕೆ ಸೇರಿಕೊಳ್ಳುತ್ತದೆ. ನಿಮ್ಮ ಧ್ವನಿ ನಿಮಗೇ ಕೇಳುವಂತೆ ಒಂದು ಮಾನಿಟರ್ ಕೇಳಿ ಹಾಕಿಸಿಕೊಳ್ಳಿ. ಗದ್ದಲದ ನಡುವೆ ತನ್ನ ಧ್ವನಿ ತನಗೆ ಕೇಳದಿದ್ದರೆ ಮನುಷ್ಯ ತಿಳಿಯದೆಯೇ ಕೂಗತೊಡಗುತ್ತಾನೆ. ನಿರೂಪಕರ ಗಂಟಲು ಕಟ್ಟುವುದು ಹೆಚ್ಚಾಗಿ ಹೀಗೆಯೇ, ತಣ್ಣೀರು ಕುಡಿದದ್ದರಿಂದಲ್ಲ.

ಆರತಕ್ಷತೆಗೆ ಬರೋಣ. ಅಲ್ಲಿ ನಿಮ್ಮನ್ನು ಯಾರೂ ಎಡೆಬಿಡದೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಜನ ವರ್ಷಗಳ ನಂತರ ಸಿಕ್ಕ ನೆಂಟರ ಜೊತೆ ಮಾತಾಡಲು ಬಂದಿರುತ್ತಾರೆ. ಒಂದು ಸಲಕ್ಕೆ ಮುಕ್ಕಾಲು ನಿಮಿಷ ಮೀರದಂತೆ ಮಾತಾಡಿ, ಹಾಡಿಗೆ ಬಿಟ್ಟುಕೊಡಿ, ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಬನ್ನಿ. ನೀವು ನಿಜವಾಗಿ ಬೇಕಾಗುವ ಜಾಗಗಳು ಮೂರು ನಾಲ್ಕು ಮಾತ್ರ: ವಧೂವರರು ವೇದಿಕೆಗೆ ಬರುವುದು, ಕೇಕ್ ಅಥವಾ ಹಾರ ಬದಲಾವಣೆ ಇದ್ದರೆ ಅದು, ಮನೆಯವರ ಒಂದು ನೃತ್ಯವೋ ಆಟವೋ, ಮತ್ತು ಊಟದ ಪಂಕ್ತಿಯ ಸೂಚನೆ. ಕೊನೆಯದನ್ನು ಹಗುರವಾಗಿ ಕಾಣಬೇಡಿ. ವೇದಿಕೆಯ ಸಾಲು ಬಾಗಿಲ ತನಕ ಬೆಳೆದಾಗ "ಮೊದಲು ಊಟ ಮುಗಿಸಿ ಬಂದರೆ ಸಾಲು ಚಿಕ್ಕದಿರುತ್ತದೆ" ಎಂದು ಹೇಳಿ ಜನರನ್ನು ಹಂಚುವುದು ಆ ಸಂಜೆ ನೀವು ಮಾಡುವ ದೊಡ್ಡ ಉಪಕಾರ. ಆದರೆ ಊಟದ ಮನೆಯವರನ್ನು ಕೇಳದೆ ಹೇಳಬೇಡಿ, ಪಂಕ್ತಿ ತುಂಬಿದ್ದರೆ ಜನ ಹೋಗಿ ಕುರ್ಚಿ ಹಿಂದೆ ಕಾಯುತ್ತಾ ನಿಲ್ಲಬೇಕಾಗುತ್ತದೆ.

ವಾರ ಮೊದಲು ಎರಡೂ ಮನೆಯವರಲ್ಲಿ ಒಬ್ಬೊಬ್ಬರಿಗೆ ಫೋನ್ ಮಾಡಿ, ಹೆಣ್ಣಿನ ಕಡೆಯವರಿಗೊಮ್ಮೆ, ಗಂಡಿನ ಕಡೆಯವರಿಗೊಮ್ಮೆ. ತಂದೆ ತಾಯಿ ಇಬ್ಬರೂ ಇದ್ದಾರೆಯೇ, ಈಚೆಗೆ ಮನೆಯಲ್ಲಿ ಸಾವು ನೋವು ಆಗಿದೆಯೇ, ಯಾರನ್ನು ವೇದಿಕೆಗೆ ಕರೆಯಲೇಬೇಕು, ಯಾರಿಗೆ ಯಾರ ಜೊತೆ ಮಾತಿಲ್ಲ. ಇದಿಷ್ಟು ಗೊತ್ತಿಲ್ಲದೆ "ಈಗ ಮದುಮಗಳ ಅಪ್ಪನಿಂದ ಎರಡು ಮಾತು" ಎಂದುಬಿಟ್ಟರೆ ಏನಾದೀತೆಂದು ನೀವೇ ಯೋಚಿಸಿ. "ಲವ್ವಾ, ಅರೇಂಜ್ಡಾ" ಎಂಬ ಪ್ರಶ್ನೆಯನ್ನು ಬಹಳ ನಿರೂಪಕರು ಕೇಳುತ್ತಾರೆ. ಜೋಡಿಯ ಒಪ್ಪಿಗೆಯನ್ನು ಮೊದಲೇ ಪಡೆಯದಿದ್ದರೆ ಕೇಳಬೇಡಿ. ಆಟ ಆಡಿಸುವುದಾದರೂ ಹಾಗೆಯೇ. ಬೆಳಗ್ಗೆ ಧಾರೆಗೂ ಕರೆದರೆ ಹೋಗಬಹುದು, ಆದರೆ ಮುಹೂರ್ತದ ಹೊತ್ತಿಗೆ ಪುರೋಹಿತರ ಮಂತ್ರಕ್ಕೂ ಓಲಗಕ್ಕೂ ನಡುವೆ ನಿಮ್ಮ ಧ್ವನಿಗೆ ಜಾಗವಿಲ್ಲ. ಬಯಲಿನಲ್ಲಿ ಹಾಕಿದ ಶಾಮಿಯಾನವಾದರೆ ರಾತ್ರಿ 10ರ ಮೇಲೆ ಧ್ವನಿವರ್ಧಕ ಬಳಸುವಂತಿಲ್ಲ ಎಂಬ ನಿಯಮವಿದೆ. ಮಿಮಿಕ್ರಿಯನ್ನು ಒಂಬತ್ತೂವರೆಯ ಆಚೆಗೆ ಇಟ್ಟುಕೊಂಡರೆ ಅದು ನಡೆಯದೇ ಹೋಗಬಹುದು.

ಮಿಮಿಕ್ರಿ ಎಷ್ಟು ಹೊತ್ತು ಎಂದು ಕೇಳಿದ್ದೀರಿ. ಶಾಲೆಯಲ್ಲಿ ಆರು ನಿಮಿಷ, ಆರತಕ್ಷತೆಯಲ್ಲಿ ಎಂಟು. ಹೆಚ್ಚು ಇಲ್ಲ. ಒಂದು ಧ್ವನಿಗೆ ಮುಕ್ಕಾಲು ನಿಮಿಷದಂತೆ ಎಂಟು ಧ್ವನಿಗೆ ಆರು ನಿಮಿಷ ಸರಿಹೋಗುತ್ತದೆ, ಮತ್ತು ನಿಜವಾಗಿ ಚೆನ್ನಾಗಿ ಬರುವ ಎಂಟು ಧ್ವನಿ ಇರುವವರೇ ಕಡಿಮೆ. ಪರೀಕ್ಷೆ ಹೀಗೆ: ಮೊಬೈಲ್‌ನಲ್ಲಿ ಮುದ್ರಿಸಿ, ಹೆಸರು ಹೇಳದೆ ಐದು ಜನಕ್ಕೆ ಕೇಳಿಸಿ. ಐದು ಸೆಕೆಂಡಿನೊಳಗೆ ನಾಲ್ವರಾದರೂ ಗುರುತಿಸಿದರೆ ಇಟ್ಟುಕೊಳ್ಳಿ. "ಈಗ ನಾನು ಇಂಥವರ ಧ್ವನಿ ಮಾಡ್ತೀನಿ" ಎಂದು ಮೊದಲೇ ಹೇಳಬೇಕಾಗಿ ಬಂದರೆ ಆ ಧ್ವನಿ ಇನ್ನೂ ಹಣ್ಣಾಗಿಲ್ಲ.

ಧ್ವನಿ ಸಿಗದಿದ್ದಾಗ ಸಾಮಾನ್ಯವಾಗಿ ಜನ ಎತ್ತರ ತಗ್ಗನ್ನೇ ಹಿಡಿದು ಹೆಣಗುತ್ತಾರೆ. ಗುರುತು ಸಿಗುವುದು ಅದರಿಂದಷ್ಟೇ ಅಲ್ಲ. ಅವರು ಎಲ್ಲಿ ಉಸಿರು ತೆಗೆಯುತ್ತಾರೆ, ಯಾವ ಪದವನ್ನು ಎಳೆಯುತ್ತಾರೆ, ಧ್ವನಿ ಮೂಗಿನಲ್ಲಿ ಮೊಳಗುತ್ತದೋ ಎದೆಯಲ್ಲೋ, ವಾಕ್ಯವನ್ನು ಏರಿಸಿ ಬಿಡುತ್ತಾರೋ ಇಳಿಸಿ ಬಿಡುತ್ತಾರೋ ಎಂದು ಬಿಡಿಬಿಡಿಯಾಗಿ ಕೇಳಿ. ಲಯ ಸರಿ ಹಿಡಿದರೆ ಧ್ವನಿ ಎರಡು ಸ್ವರ ಆಚೀಚೆಯಾದರೂ ಜನ ಗುರುತಿಸುತ್ತಾರೆ. ಧ್ವನಿ ಸರಿಯಿದ್ದು ಲಯ ತಪ್ಪಿದರೆ ಗುರುತಿಸುವುದಿಲ್ಲ. ಮೊದಲು ಅವರದೇ ಪ್ರಸಿದ್ಧ ಮಾತಿನಿಂದ ಹಿಡಿತ ಸಾಧಿಸಿ, ಆದರೆ ವೇದಿಕೆಯಲ್ಲಿ ಅದೇ ಸಂಭಾಷಣೆ ಒಪ್ಪಿಸಬೇಡಿ. ಆ ಧ್ವನಿಯನ್ನು ಸಭೆಯ ಸನ್ನಿವೇಶಕ್ಕೆ ತನ್ನಿ: ಹಳೆಯ ನಾಯಕನಟರೊಬ್ಬರು ಆರತಕ್ಷತೆಯ ಸಾಲಿನಲ್ಲಿ ನಿಂತು ಕ್ಯಾಟರಿಂಗ್‌ನವರನ್ನು ಹೋಳಿಗೆ ಇದೆಯಾ ಎಂದು ವಿಚಾರಿಸುತ್ತಿದ್ದಾರೆ. ನಗು ಹುಟ್ಟುವುದು ಆ ಧ್ವನಿ ಇರಬಾರದ ಜಾಗದಲ್ಲಿ ಇರುವುದರಿಂದ.

ಶಾಲೆಯಲ್ಲಿ ಬೇರೆ ಲೆಕ್ಕ. ಮುಂದಿನ ಸಾಲುಗಳಲ್ಲಿರುವ ಎಂಟು ವರ್ಷದ ಮಗುವಿಗೆ ನೀವು ಮಾಡುವ ಹಳೆಯ ನಟರು ಯಾರೆಂದೇ ಗೊತ್ತಿರುವುದಿಲ್ಲ. ಮಕ್ಕಳಿಗೆ ಸದ್ದುಗಳು ಬೇಕು: ಕುಕ್ಕರ್ ಕೂಗುವುದು, ಕಿಕ್ ಹೊಡೆದರೂ ಸ್ಟಾರ್ಟ್ ಆಗದ ಹಳೆಯ ಸ್ಕೂಟರ್, ಕಂಡಕ್ಟರ್ ಸೀಟಿ ಮತ್ತು "ರೈಟ್ ರೈಟ್", ರೈಲು ನಿಲ್ದಾಣದ ಪ್ರಕಟಣೆ, ಬೀದಿನಾಯಿಗಳ ಜಗಳ. ಇವನ್ನು ಬಿಡಿಬಿಡಿಯಾಗಿ ಮಾಡದೆ ಒಂದು ಬೆಳಗಿನ ಕಥೆಯಾಗಿ ಹೆಣೆಯಿರಿ. ಅಲಾರಂನಿಂದ ಶುರುವಾಗಿ ಕುಕ್ಕರ್, ಸ್ಕೂಟರ್, ಬಸ್ಸು ದಾಟಿ ಶಾಲೆಯ ಗಂಟೆಗೆ ಮುಗಿಯಲಿ. ಊದುವ, ಸಿಡಿಯುವ ಸದ್ದುಗಳಿಗೆ ಮೈಕನ್ನು ಬಾಯಿಯ ಎದುರಿನಿಂದ ಕೆನ್ನೆಯ ಪಕ್ಕಕ್ಕೆ ಸರಿಸಿ. ಎದುರಿಗೆ ಹಿಡಿದರೆ ಗಾಳಿ ಬಡಿದು ಕುಕ್ಕರ್ ಬದಲು ಬರೀ "ಭುಸ್ಸ್" ಕೇಳುತ್ತದೆ. ದೂರದಿಂದ ಬರುವ ಬಸ್ಸಿಗೆ ಮೈಕನ್ನು ಒಂದಡಿ ದೂರದಿಂದ ನಿಧಾನಕ್ಕೆ ಹತ್ತಿರ ತನ್ನಿ, ಬಸ್ಸೇ ಬಂದಂತೆ ಆಗುತ್ತದೆ. ಮುಖ್ಯೋಪಾಧ್ಯಾಯರ ಧ್ವನಿ ಮಾಡಿದರೆ ಶಾಲೆ ಬಿದ್ದು ಬಿದ್ದು ನಗುತ್ತದೆ ನಿಜ, ಅವರನ್ನು ಕೇಳಿ ಒಪ್ಪಿದರೆ ಮಾತ್ರ.

ತೊದಲು, ಅಂಗವೈಕಲ್ಯ, ಜಾತಿಯ ಆಡುಮಾತು ಇವನ್ನು ಸರಕಾಗಿ ಬಳಸಬೇಡಿ. ಹುಬ್ಬಳ್ಳಿ, ಮಂಗಳೂರು ಕಡೆಯ ಮಾತಾಡಿ ನಗಿಸುವುದಿದ್ದರೆ ಆ ಊರಿನವರ ಎದುರು ಮೊದಲು ಆಡಿ ತೋರಿಸಿ. ಅರ್ಧಂಬರ್ಧ ಬರುವ "ಏನ್ರೀ, ಹೌದಲ್ರಿ"ಯಿಂದ ಅವರಿಗೆ ನಗು ಬರುವುದಿಲ್ಲ. ರಾಜಕಾರಣಿಗಳ ಧ್ವನಿ ಶಾಲೆಯಲ್ಲಿ ಬೇಡವೇ ಬೇಡ, ವೇದಿಕೆಯ ಮೇಲೆ ಕೂತಿರುವವರು ಯಾವ ಪಕ್ಷದವರೋ!

ಕ್ರಮದಲ್ಲಿ ಎರಡನೆಯ ಅತ್ಯುತ್ತಮ ಧ್ವನಿ ಮೊದಲು, ಅತ್ಯುತ್ತಮದ್ದು ಕೊನೆಗೆ. ಗಂಟಲು ಉಜ್ಜಿ ತೆಗೆಯುವ ಗೊಗ್ಗರು ಧ್ವನಿಗಳಿದ್ದರೆ ಅವೂ ಕೊನೆಯ ಕಡೆಗೇ ಇರಲಿ. ಅವನ್ನು ಮಾಡಿದ ಮೇಲೆ ಸ್ವಲ್ಪ ಹೊತ್ತು ನಿಮ್ಮ ಸ್ವಂತ ಧ್ವನಿ ಒರಟಾಗಿರುತ್ತದೆ, ಅದೇ ಗಂಟಲಲ್ಲಿ ನೀವು ಬಹುಮಾನದ ಹೆಸರು ಓದಬೇಕಲ್ಲ. ಹಾಗಾಗಿ ಮಿಮಿಕ್ರಿಯನ್ನು ಆ ಹದಿನೈದು ನಿಮಿಷದ ಕಿರುನಾಟಕಕ್ಕೆ ಸರಿಯಾಗಿ ಮುಂಚೆ ಇಡಿ. ನಾಟಕದ ರಂಗಸಜ್ಜಿಕೆ ಜೋಡಿಸಲು ಅವರಿಗೂ ಆರು ನಿಮಿಷ ಸಿಗುತ್ತದೆ, ಆಮೇಲೆ ನಿಮಗೆ ಕಾಲು ಗಂಟೆ ಮೌನ ಸಿಗುತ್ತದೆ. ಆಗ ಮಾತಾಡದೆ ನೀರು ಗುಟುಕರಿಸುತ್ತಾ ಕೂರಿ. ಪದೇ ಪದೇ ಗಂಟಲು ಸರಿಪಡಿಸಿಕೊಳ್ಳಲು ಕೆಮ್ಮುವುದು, ಪಿಸುಗುಟ್ಟುವುದು ಎರಡೂ ಗಂಟಲಿಗೆ ಶ್ರಮವೇ. ಕಾರ್ಯಕ್ರಮ ಮುಗಿದು ಎರಡು ದಿನದಲ್ಲಿ ಧ್ವನಿ ಸರಿಹೋಗಬೇಕು. ಎರಡು ಮೂರು ವಾರವಾದರೂ ಒಡೆದೇ ಇದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ.

ದುಡ್ಡಿಗೆ ಒಂದೇ ದರ ಎಂಬುದಿಲ್ಲ. ಊರು, ತಿಂಗಳು, ಮುಹೂರ್ತದ ದಿನ ನೋಡಿ ಬದಲಾಗುತ್ತದೆ. ನಿಮ್ಮ ಕಡೆ ನಿರೂಪಣೆ ಮಾಡುವ ಇಬ್ಬರನ್ನು, ಒಬ್ಬ ಸೌಂಡ್‌ನವರನ್ನು, ಒಬ್ಬ ಫೋಟೋಗ್ರಾಫರನ್ನು ಕೇಳಿದರೆ ನಡೆಯುವ ದರ ಗೊತ್ತಾಗುತ್ತದೆ. ಅದು ನಿಮಗೆ ಗಿಟ್ಟುತ್ತದೆಯೇ ಎಂದು ನೋಡಲು ವೇದಿಕೆಯ ಗಂಟೆಗಳನ್ನಲ್ಲ, ಪೂರ್ತಿ ಗಂಟೆಗಳನ್ನು ಎಣಿಸಿ. ಮೂರು ಗಂಟೆಯ ಕಾರ್ಯಕ್ರಮಕ್ಕೆ ಭೇಟಿ ಮತ್ತು ಫೋನು ಎರಡು ಗಂಟೆ, ಕಾರ್ಡು ಬರೆದು ಅಭ್ಯಾಸ ಮಾಡುವುದು ಮೂರು, ಮುಂಚೆ ಹೋಗಿ ಸೌಂಡ್ ನೋಡುವುದು ಒಂದು, ಓಡಾಟ ಎರಡು: ಒಟ್ಟು ಹನ್ನೊಂದು. ಬಂದ ದುಡ್ಡಿನಲ್ಲಿ ಪ್ರಯಾಣ, ಬಟ್ಟೆಯ ಇಸ್ತ್ರಿ ಕಳೆದು ಹನ್ನೊಂದರಿಂದ ಭಾಗಿಸಿ, ನಿಮ್ಮ ಸೊಸೈಟಿ ಸಂಬಳದ ಗಂಟೆಯ ಲೆಕ್ಕಕ್ಕಿಂತ ಕಡಿಮೆ ಬಂದರೆ ಒಪ್ಪುವ ಮೊದಲು ಮತ್ತೊಮ್ಮೆ ಮಾತಾಡಿ. ಮಿಮಿಕ್ರಿಯನ್ನು ನಿರೂಪಣೆಯ ಜೊತೆ ಪುಕ್ಕಟೆ ಸೇರಿಸಬೇಡಿ, ಬೇರೆ ಸಾಲಿನಲ್ಲಿ ಬೇರೆ ಮೊತ್ತ ಬರೆಯಿರಿ. ಆಗ ಅವರು ಚೌಕಾಸಿ ಮಾಡಿದರೆ ಇಳಿಸಲು ಒಂದು ಬಾಬ್ತು ಇರುತ್ತದೆ, ನಿಮ್ಮ ಮೂಲ ದರ ಇಳಿಯುವುದಿಲ್ಲ.

ಪರಿಚಯದವರೆಂದು ಬಾಯಿಮಾತಿಗೆ ಬಿಡದೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಕಳಿಸಿ: ದಿನಾಂಕ, ಜಾಗ, ನೀವು ಬರುವ ಹೊತ್ತು, ಮೈಕ್ ಹಿಡಿಯುವ ಹೊತ್ತು, ಬಿಡುವ ಹೊತ್ತು, ಒಟ್ಟು ಮೊತ್ತ, ಮುಂಗಡ ಅರ್ಧ, ಉಳಿದದ್ದು ಅದೇ ರಾತ್ರಿ, ಹೇಳಿದ ಹೊತ್ತು ಮೀರಿದರೆ ಪ್ರತಿ ಅರ್ಧ ಗಂಟೆಗೆ ಇಷ್ಟು. ಉಳಿದದ್ದನ್ನು ಯಾರ ಕೈಯಿಂದ ಪಡೆಯಬೇಕು ಎಂಬ ಹೆಸರನ್ನೂ ಬರೆಸಿಕೊಳ್ಳಿ. ರಾತ್ರಿ ಹತ್ತೂವರೆಗೆ ಮಂಟಪ ಖಾಲಿ ಮಾಡುವ ಗಡಿಬಿಡಿಯಲ್ಲಿ ಮದುಮಗಳ ಅಪ್ಪನ ಹತ್ತಿರ ಹೋಗಿ ದುಡ್ಡು ಕೇಳಲು ನಿಮಗೂ ಮುಜುಗರ, ಅವರಿಗೂ ಮುಜುಗರ. ಸಾಮಾನ್ಯವಾಗಿ ಹೂವಿನವರಿಗೆ, ಓಲಗದವರಿಗೆ ಲೆಕ್ಕ ಚುಕ್ತಾ ಮಾಡಲೆಂದೇ ಒಬ್ಬ ಮಾವನೋ ಚಿಕ್ಕಪ್ಪನೋ ಚೀಲ ಹಿಡಿದು ಓಡಾಡುತ್ತಿರುತ್ತಾರೆ. ನೀವು ಕೇಳಬೇಕಾದ್ದು ಅವರನ್ನು.